ಬೇರಿಂಗ್ ಕೂರಿಸುವ ಪ್ರೆಸ್ ಫಿಟ್ ಬೋರ್: ಲೇತಿಗೊಂದು ಲೆಕ್ಕ, ಪ್ರಿಂಟರಿಗೊಂದು ಲೆಕ್ಕ

ಒಂದೇ ತಪ್ಪು ಎರಡು ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮೊದಲನೆಯದರಲ್ಲಿ, ಕ್ಯಾಡ್‌ನಲ್ಲಿ ಬೇರಿಂಗ್ ಕೂರುವ ರಂಧ್ರವನ್ನು, ಅಂದರೆ ಬೋರನ್ನು, 22 ಮಿ.ಮೀ. ಎಂದು ಬರೆದು ಹಾಗೆಯೇ ಪ್ರಿಂಟ್ ಮಾಡಿದವರಿಗೆ 22 ಮಿ.ಮೀ. ಬೇರಿಂಗ್ ಒಳಗೆ ಹೋಗುವುದಿಲ್ಲ. ಸುತ್ತಿಗೆಯಿಂದ ಬಡಿದಾಗ ಪ್ಲಾಸ್ಟಿಕ್ ಸೀಳುತ್ತದೆ. ಎರಡನೆಯದರಲ್ಲಿ, ಪ್ರಿಂಟರಿಗಾಗಿ ಬೋರನ್ನು 22.2ಕ್ಕೆ ಹಿಗ್ಗಿಸಿಕೊಂಡು ಗೆದ್ದವರು ಅದೇ ಫೈಲನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಲು ಕಳುಹಿಸುತ್ತಾರೆ. ಮಷಿನ್ ಶಾಪಿನವರು ನಿಷ್ಠೆಯಿಂದ 22.2 ಮಿ.ಮೀ. ಬೋರ್ ಮಾಡಿಕೊಡುತ್ತಾರೆ, ಬೇರಿಂಗ್ ಬೋರಿನೊಳಗಿಂದ ಜಾರಿ ಆಚೆ ಬೀಳುತ್ತದೆ. ಎರಡನೆಯ ತಪ್ಪನ್ನು ನಾನೇ ಮಾಡಿ ಎಂಟು ಪುಲಿಗಳನ್ನು ಹಾಳು ಮಾಡಿದ್ದೇನೆ. ಶಾಪಿನವರದು ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಎರಡರ ಮೂಲವೂ ಒಂದೇ. ಮಷಿನಿಂಗ್‌ನಲ್ಲಿ ಮಾದರಿಯ ಅಳತೆ ಹೆಸರಿಗೆ ಮಾತ್ರದ ಅಳತೆಯಾಗಿರುತ್ತದೆ, ಬಿಗಿತ ಎಷ್ಟಿರಬೇಕೆಂಬುದು ಡ್ರಾಯಿಂಗ್‌ನಲ್ಲಿ ಬರೆದ ಟಾಲರೆನ್ಸ್‌ನಲ್ಲಿರುತ್ತದೆ. ಪ್ರಿಂಟಿಂಗ್‌ನಲ್ಲಿ ಡ್ರಾಯಿಂಗ್ ಓದುವವರು ಯಾರೂ ಇಲ್ಲ. ಬೇಕಾದ ಹೊಂದಾಣಿಕೆಯನ್ನೆಲ್ಲ ಆಕಾರದೊಳಗೇ ಸೇರಿಸಬೇಕು. ಈ ಮಾರ್ಗದರ್ಶಿ ಒಂದು ನಿರ್ದಿಷ್ಟ ಭಾಗವನ್ನು ಹಿಡಿದು ಎರಡೂ ದಾರಿಗಳನ್ನು ವಿವರಿಸುತ್ತದೆ. ಭಾಗವೆಂದರೆ, 608 ಬೇರಿಂಗ್ ಕೂರುವ, 32 ಮಿ.ಮೀ. ಹೊರವ್ಯಾಸದ ಒಂದು ಐಡ್ಲರ್ ಪುಲಿ. ಮಷಿನಿಂಗ್‌ಗೆ 6061 ಅಲ್ಯೂಮಿನಿಯಂ, ಪ್ರಿಂಟಿಂಗ್‌ಗೆ ಫಿಲಮೆಂಟ್ ಪ್ರಿಂಟರಿನಲ್ಲಿ ಪಿಇಟಿಜಿ ಎಂದು ಇಟ್ಟುಕೊಳ್ಳೋಣ.

## ಮೊದಲೇ ಸಿದ್ಧವಿರಬೇಕಾದವು

ಮಷಿನಿಂಗ್ ದಾರಿಗೆ ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕು; ನಿಮ್ಮಲ್ಲಿ ಇಲ್ಲದಿದ್ದರೆ ಕೆಲಸ ಮಾಡಿಕೊಡುವ ಶಾಪಿನಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು. 0.02 ಮಿ.ಮೀ. ಲೀಸ್ಟ್ ಕೌಂಟ್‌ನ ವರ್ನಿಯರ್ ಇಲ್ಲಿ ನಿರ್ಣಯ ಹೇಳಲಾರದು, ಏಕೆಂದರೆ ನಾವು ಕೇಳುವ ಟಾಲರೆನ್ಸ್‌ನ ಇಡೀ ಹರವು ಹೆಚ್ಚುಕಡಿಮೆ ಅದರ ಒಂದು ಗೆರೆಯಷ್ಟೇ ಇದೆ. ಪ್ರಿಂಟಿಂಗ್ ದಾರಿಗೆ ಗೇಜ್ ಬೇಕಿಲ್ಲ, ಕೂರಿಸಬೇಕಾದ ಬೇರಿಂಗ್ ಒಂದಿದ್ದರೆ ಸಾಕು.

ಎರಡಕ್ಕೂ ಬೇಕಾದದ್ದು ಒಂದು ಬೆಂಚ್ ವೈಸ್ ಅಥವಾ ಆರ್ಬರ್ ಪ್ರೆಸ್, ಮತ್ತು ಬೇರಿಂಗಿನ ಹೊರ ರಿಂಗನ್ನು ಮಾತ್ರ ಒತ್ತುವ ಒಂದು ಬುಷ್. ಹಳೆಯ 608 ಬೇರಿಂಗಿನ ಹೊರ ರಿಂಗನ್ನೇ ಬುಷ್ ಆಗಿ ಬಳಸಬಹುದು. ಆದರೆ ಅದು ಬೋರಿನಲ್ಲಿ ಸಿಕ್ಕಿಕೊಳ್ಳದಂತೆ ಹೊರಮೈಯನ್ನು ಸ್ವಲ್ಪ ಗ್ರೈಂಡ್ ಮಾಡಿಕೊಳ್ಳಬೇಕು.

## ಹಂತ 1: ಯಾವ ರಿಂಗ್ ಬಿಗಿಯಾಗಬೇಕು ಎಂದು ತೀರ್ಮಾನಿಸಿ

ಬೇರಿಂಗಿಗೆ ಎರಡು ರಿಂಗ್‌ಗಳಿವೆ. ಎರಡನ್ನೂ ಬಿಗಿ ಮಾಡುವುದು ಸಾಮಾನ್ಯ ತಪ್ಪು. ಭಾರದ ದಿಕ್ಕಿಗೆ ಹೋಲಿಸಿದರೆ ಯಾವ ರಿಂಗ್ ತಿರುಗುತ್ತದೆಯೋ ಅದನ್ನು ಬಿಗಿ ಮಾಡಬೇಕು, ನಿಂತಿರುವ ರಿಂಗನ್ನು ಸರಿಯುವಷ್ಟು ಸಡಿಲ ಬಿಡಬೇಕು. ಐಡ್ಲರ್ ಪುಲಿಯಲ್ಲಿ ಬೆಲ್ಟ್ ಒಂದೇ ದಿಕ್ಕಿಗೆ ಎಳೆಯುತ್ತದೆ, ನಡುವಿನ ಪಿನ್ ನಿಂತಿರುತ್ತದೆ, ಪುಲಿಯೊಂದಿಗೆ ಹೊರ ರಿಂಗ್ ತಿರುಗುತ್ತದೆ. ಹೀಗಾಗಿ ಬಿಗಿತ ಬೇಕಾದದ್ದು ಹೊರ ರಿಂಗಿಗೆ, ಅಂದರೆ ಪುಲಿಯ ಬೋರಿಗೆ. ಒಳ ರಿಂಗ್ 8 ಮಿ.ಮೀ. ಪಿನ್ ಮೇಲೆ ಕೈಯಿಂದ ಜಾರಬೇಕು; ಪಿನ್ ಮಾಡಿಸುವುದಾದರೆ g6 ಎಂಬ ಫಿಟ್ ಗುರುತು ಸಾಕು.

ತಿರುಗುವ ರಿಂಗನ್ನು ಸಡಿಲ ಬಿಟ್ಟರೆ ಅದು ಬೋರಿನೊಳಗೆ ನಿಧಾನವಾಗಿ ತೆವಳಲು ತೊಡಗುತ್ತದೆ. ಹಾಗೆ ತೆವಳುತ್ತಾ ಬೋರನ್ನು ಸವೆಸುತ್ತದೆ, ಸವೆದ ಬೋರ್ ಇನ್ನಷ್ಟು ಸಡಿಲವಾಗುತ್ತದೆ. ಮೋಟಾರ್ ಹೌಸಿಂಗ್‌ನಂತಹ ಕಡೆ, ಎಲ್ಲಿ ಶಾಫ್ಟ್ ತಿರುಗಿ ಹೌಸಿಂಗ್ ನಿಂತಿರುತ್ತದೆಯೋ ಅಲ್ಲಿ, ಈ ಲೆಕ್ಕ ತಿರುಗುಮುರುಗಾಗುತ್ತದೆ. ಆದ್ದರಿಂದ ಬೇರೊಬ್ಬರ ಡ್ರಾಯಿಂಗ್‌ನಿಂದ ಫಿಟ್ ನಕಲು ಮಾಡುವ ಮುನ್ನ ಆ ಭಾಗದಲ್ಲಿ ಯಾವುದು ತಿರುಗುತ್ತಿತ್ತು ಎಂದು ನೋಡಬೇಕು.

## ಹಂತ 2: ಕೊಂಡು ತಂದ ಭಾಗದ ಟಾಲರೆನ್ಸ್ ತಿಳಿದುಕೊಳ್ಳಿ

608 ಬೇರಿಂಗಿನ ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿ.ಮೀ. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲಿ ಹೊರವ್ಯಾಸ 22.000ರಿಂದ 21.991ರೊಳಗೆ ಇರುತ್ತದೆ, 22ಕ್ಕಿಂತ ದಪ್ಪ ಇರುವುದಿಲ್ಲ, 9 ಮೈಕ್ರಾನ್‌ಗಿಂತ ಹೆಚ್ಚು ಸಣ್ಣದೂ ಇರುವುದಿಲ್ಲ. ಈ ಭಾಗವನ್ನು ನಾವು ಬದಲಿಸಲಾಗದು, ಬದಲಾಗಬೇಕಾದದ್ದು ಬೋರ್ ಮಾತ್ರ.

ಇದರೊಂದಿಗೆ ಇನ್ನೊಂದು ಅಂಕಿ ಗೊತ್ತಿರಬೇಕು. ಬಾಲ್‌ಗಳಿಗೂ ರಿಂಗ್‌ಗಳಿಗೂ ನಡುವೆ ಒಂದಿಷ್ಟು ಒಳ ಸಡಿಲವನ್ನು ತಯಾರಕರೇ ಇಟ್ಟಿರುತ್ತಾರೆ. ಈ ಗಾತ್ರದ ಸಾಮಾನ್ಯ ಬೇರಿಂಗಿನಲ್ಲಿ ಅದು 2ರಿಂದ 13 ಮೈಕ್ರಾನ್. ಹೊರ ರಿಂಗನ್ನು ಬೋರ್ ಹಿಂಡಿದಾಗ ಆ ಹಿಂಡುವಿಕೆಯ ಒಂದು ಪಾಲು ಈ ಒಳ ಸಡಿಲವನ್ನು ತಿನ್ನುತ್ತದೆ. ‘ಬಿಗಿಯಾದಷ್ಟೂ ಒಳ್ಳೆಯದು’ ಎಂಬ ಭಾವನೆ ತಪ್ಪಾಗುವುದು ಇಲ್ಲಿಯೇ. ಬೋರ್ ಅತಿಯಾಗಿ ಬಿಗಿಯಾದರೆ ಬೇರಿಂಗ್ ಗಟ್ಟಿಯಾಗಿ ಕೂರುತ್ತದೆ, ಆದರೆ ತಿರುಗಿಸಿದಾಗ ಒರಟಾಗಿ ಗರಗರ ಎನ್ನುತ್ತದೆ.

## ಹಂತ 3: ಒಂದು ಮೂಲ ಮಾದರಿ, ಎರಡು ಕವಲು

ಕ್ಯಾಡ್‌ನಲ್ಲಿ ಮೊದಲು 22.000 ಬೋರಿನ ಮೂಲ ಮಾದರಿಯನ್ನು ಮಾಡಬೇಕು. ಬೋರಿನ ವ್ಯಾಸವನ್ನು ನೇರ ಅಂಕಿಯಾಗಿ ಬರೆಯದೆ `bore = 22 + print_offset` ಎಂಬಂತೆ ಪ್ಯಾರಾಮೀಟರ್ ಆಗಿ ಕೊಡಬೇಕು. ಮಷಿನಿಂಗ್ ಕವಲಿನಲ್ಲಿ `print_offset` ಸೊನ್ನೆ. ಪ್ರಿಂಟಿಂಗ್ ಕವಲಿನಲ್ಲಿ ಅದು ಹಂತ 5ರಲ್ಲಿ ಪರೀಕ್ಷೆಯಿಂದ ಸಿಗುವ ಅಂಕಿ. ರಫ್ತು ಮಾಡುವ ಫೈಲಿನ ಹೆಸರಿನಲ್ಲೇ ಯಾವ ಕವಲು ಎಂಬುದು ಕಾಣುವಂತೆ ಬರೆಯಬೇಕು. ನನ್ನ ಎಂಟು ಪುಲಿಗಳು ಹಾಳಾದದ್ದು ಇಷ್ಟು ಸಣ್ಣ ವಿಷಯಕ್ಕೆ.

ಆಕಾರದ ಉಳಿದ ಮೂರು ವಿವರಗಳು ಎರಡೂ ಕವಲುಗಳಿಗೆ ಸಮಾನ. ಬೋರಿನ ಬಾಯಿಯಲ್ಲಿ ಸುಮಾರು 0.5 ಮಿ.ಮೀ. ಚಾಂಫರ್ ಇರಬೇಕು, ಇಲ್ಲದಿದ್ದರೆ ಬೇರಿಂಗ್ ಓರೆಯಾಗಿ ಹೊಕ್ಕು ಅಂಚನ್ನು ಕೆರೆಯುತ್ತದೆ. ಬೋರಿನ ತಳದಲ್ಲಿ ಬೇರಿಂಗ್ ಒರಗುವ ಮೆಟ್ಟಿಲು ಹೊರ ರಿಂಗಿಗೆ ಮಾತ್ರ ತಾಗಬೇಕು. 608ಕ್ಕೆ ಆ ಮೆಟ್ಟಿಲಿನ ಒಳವ್ಯಾಸ 20 ಮಿ.ಮೀ. ದಾಟಬಾರದು, ನಾನು 19.5 ಇಡುತ್ತೇನೆ. ಕೊನೆಯದಾಗಿ, ಬೋರೂ ಮೆಟ್ಟಿಲೂ ಸೇರುವ ಮೂಲೆಯ ರೇಡಿಯಸ್ 0.3 ಮಿ.ಮೀ.ಗಿಂತ ಹೆಚ್ಚಿರಬಾರದು. ಬೇರಿಂಗಿನ ಅಂಚಿನ ದುಂಡು ಅಷ್ಟೇ ಇರುವುದರಿಂದ, ಮೂಲೆ ಅದಕ್ಕಿಂತ ದುಂಡಾಗಿದ್ದರೆ ಬೇರಿಂಗ್ ತಳ ಮುಟ್ಟದೆ ಮೂಲೆಯ ಮೇಲೆ ಸವಾರಿಯಾಗಿ ನಿಲ್ಲುತ್ತದೆ.

## ಹಂತ 4: ಮಷಿನಿಂಗ್ ಕವಲು

### 4.1 ಫಿಟ್ ಆಯ್ಕೆ

ಐಎಸ್‌ಒ 286 ಪದ್ಧತಿಯಲ್ಲಿ ಬೋರಿನ ಫಿಟ್ಟನ್ನು ಒಂದು ದೊಡ್ಡಕ್ಷರ ಮತ್ತು ಒಂದು ಅಂಕಿಯಿಂದ ಸೂಚಿಸುತ್ತಾರೆ. ಅಕ್ಷರವು ಹರವು 22ರ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಹೇಳುತ್ತದೆ, ಅಂಕಿಯು ಹರವು ಎಷ್ಟು ಅಗಲ ಎಂಬುದನ್ನು. ಈ ವ್ಯಾಸದಲ್ಲಿ 7ನೇ ದರ್ಜೆ ಎಂದರೆ 21 ಮೈಕ್ರಾನ್ ಅಗಲ. ಬೋರಿಂಗ್ ಬಾರ್ ಅಥವಾ ರೀಮರ್ ಬಳಸುವ ಶಾಪಿಗೆ ಇದು ದೈನಂದಿನ ಕೆಲಸ. ನಮ್ಮ ಪುಲಿಗೆ ಮೂರು ಅಕ್ಷರಗಳನ್ನು ಹೋಲಿಸಿದರೆ ಸಾಕು.

H7 ಎಂದರೆ ಬೋರ್ 22.000ರಿಂದ 22.021. ಇದರಲ್ಲಿ ಬೇರಿಂಗ್ ಎಂದಿಗೂ ಬಿಗಿಯಾಗದು. ಜಾರಬೇಕಾದ ಹೌಸಿಂಗಿಗೆ ಇದು ಸರಿ, ಪುಲಿಗೆ ಅಲ್ಲ. ‘ಪ್ರೆಸ್ ಫಿಟ್’ ಎಂದು ಬಾಯಲ್ಲಿ ಹೇಳಿ ಡ್ರಾಯಿಂಗ್‌ನಲ್ಲಿ H7 ಬರೆಯುವವರು ಬಹಳ ಮಂದಿ, ಏಕೆಂದರೆ H7 ಅವರಿಗೆ ಪರಿಚಯವಿರುವ ಏಕೈಕ ಗುರುತು.

N7 ಎಂದರೆ 21.972ರಿಂದ 21.993. ಅತಿ ದಪ್ಪ ಬೇರಿಂಗ್ ಅತಿ ಸಣ್ಣ ಬೋರಿಗೆ ಬಂದರೆ ಬಿಗಿತ 28 ಮೈಕ್ರಾನ್. ಅತಿ ಸಣ್ಣ ಬೇರಿಂಗ್ ಅತಿ ದೊಡ್ಡ ಬೋರಿಗೆ ಬಂದರೆ 2 ಮೈಕ್ರಾನ್ ಸಡಿಲ. ಎರಡೂ ಹರವಿನ ನಡುಮಧ್ಯದಲ್ಲಿದ್ದರೆ ಬಿಗಿತ 13 ಮೈಕ್ರಾನ್. ತಿರುಗುವ ಹೊರ ರಿಂಗಿಗೆ ಸಾಮಾನ್ಯವಾಗಿ ಇದನ್ನೇ ಹಿಡಿಯಬಹುದು.

P7 ಎಂದರೆ 21.965ರಿಂದ 21.986; ಬಿಗಿತ ಕನಿಷ್ಠ 5, ಗರಿಷ್ಠ 35 ಮೈಕ್ರಾನ್. ಪುಲಿ ಕಾಯುವುದಾದರೆ ಇದರ ಅಗತ್ಯ ಬೀಳುತ್ತದೆ. ಪ್ರತಿ ಡಿಗ್ರಿಗೆ ಅಲ್ಯೂಮಿನಿಯಂ ಹಿಗ್ಗುವುದು ಮೀಟರಿಗೆ ಸುಮಾರು 23 ಮೈಕ್ರಾನ್, ಬೇರಿಂಗ್ ಉಕ್ಕು ಸುಮಾರು 12. ಎರಡರ ವ್ಯತ್ಯಾಸವನ್ನು 22 ಮಿ.ಮೀ.ಗೆ ಲೆಕ್ಕ ಹಾಕಿದರೆ, ಪುಲಿ 40 ಡಿಗ್ರಿ ಹೆಚ್ಚು ಬಿಸಿಯಾದಾಗ ಸುಮಾರು 10 ಮೈಕ್ರಾನ್ ಬಿಗಿತ ಕಳೆದುಹೋಗುತ್ತದೆ. ತಣ್ಣಗಿದ್ದಾಗ ಗಟ್ಟಿಯಾಗಿದ್ದ N7 ಬೋರ್ ಆಗ ಸಡಿಲವಾಗಬಹುದು. P7 ಆರಿಸಿದರೆ ಮಾತ್ರ ಬೇರಿಂಗನ್ನು C3 ಗುರುತಿನದು ಕೊಳ್ಳಬೇಕು. ಅದರ ಒಳ ಸಡಿಲ 8ರಿಂದ 23 ಮೈಕ್ರಾನ್ ಇರುವುದರಿಂದ ಹಿಂಡಿದ ಮೇಲೂ ಬಾಲ್‌ಗಳಿಗೆ ಜಾಗ ಉಳಿಯುತ್ತದೆ. ನಮ್ಮ ಪುಲಿ ನಿಧಾನವಾಗಿ, ಬಯಲು ಗಾಳಿಯಲ್ಲಿ ತಿರುಗುವಂಥದ್ದು. N7 ಸಾಕು.

### 4.2 ಡ್ರಾಯಿಂಗ್‌ನಲ್ಲಿ ಬರೆಯುವುದು

ಸ್ಟೆಪ್ ಫೈಲನ್ನು ಮಾತ್ರ ಕಳುಹಿಸಿದರೆ ಬಿಗಿತದ ಮಾಹಿತಿ ಸಾಮಾನ್ಯವಾಗಿ ಅದರೊಂದಿಗೆ ಹೋಗುವುದಿಲ್ಲ. ಬೋರು ಶಾಪಿನ ಸಾಮಾನ್ಯ ಟಾಲರೆನ್ಸ್‌ನಲ್ಲಿ ಬರುತ್ತದೆ, ಅದು ನಮ್ಮ 21 ಮೈಕ್ರಾನ್‌ಗಿಂತ ಹಲವು ಪಟ್ಟು ಅಗಲ. ಆದ್ದರಿಂದ ಜೊತೆಗೊಂದು ಡ್ರಾಯಿಂಗ್ ಇರಲೇಬೇಕು, ಅದರಲ್ಲಿ ಬೋರಿನ ಪಕ್ಕ ಹೀಗೆ ಇರಬೇಕು:

```
Ø22 N7 (-0.007 / -0.028)
```

ಅಕ್ಷರ ಮತ್ತು ಮಿತಿಗಳು ಎರಡನ್ನೂ ಬರೆಯುವುದರಿಂದ ಟೇಬಲ್ ತೆಗೆದು ನೋಡುವ ಕೆಲಸ ಆಪರೇಟರಿಗೆ ತಪ್ಪುತ್ತದೆ, ತಪ್ಪು ಸಾಲು ಓದುವ ಅಪಾಯವೂ ಇರುವುದಿಲ್ಲ. ಇನ್ನೊಂದು ಮಾತನ್ನು ಫೋನಿನಲ್ಲೇ ಆಗಲಿ ಇತ್ಯರ್ಥ ಮಾಡಿಕೊಳ್ಳಬೇಕು. ಸಿಎನ್‌ಸಿ ಪ್ರೋಗ್ರಾಮ್ ಮಾದರಿಯ 22.000ದಿಂದಲೇ ಹುಟ್ಟುತ್ತದೆ, ಆದರೆ N7 ಹರವಿನ ಮಧ್ಯ ಇರುವುದು 21.9825ರಲ್ಲಿ. ಪ್ರೋಗ್ರಾಮರ್ ಅದನ್ನು ತಾನೇ ಸರಿಹೊಂದಿಸುತ್ತಾನೆಯೇ ಅಥವಾ ಮಾದರಿಯನ್ನೇ ಮಧ್ಯದ ಅಳತೆಗೆ ಬದಲಿಸಿ ಕೊಡಬೇಕೆ ಎಂಬುದನ್ನು ಕೇಳಬೇಕು. ಇಬ್ಬರೂ ಸರಿಹೊಂದಿಸಿದರೆ ಬೋರ್ ಬೇಕಾದದ್ದಕ್ಕಿಂತ ಸಣ್ಣದಾಗುತ್ತದೆ.

ಪುಲಿಗೆ ಆನೊಡೈಸಿಂಗ್ ಮಾಡಿಸುವುದಿದ್ದರೆ ಬೋರನ್ನು ಮುಚ್ಚಿಡಬೇಕೆಂದು ಡ್ರಾಯಿಂಗ್‌ನಲ್ಲೇ ಬರೆಯಬೇಕು. ಪದರದ ಸುಮಾರು ಅರ್ಧ ದಪ್ಪ ಮೂಲ ಮೇಲ್ಮೈಯ ಹೊರಕ್ಕೆ ಬೆಳೆಯುತ್ತದೆ. 10 ಮೈಕ್ರಾನ್ ಪದರವೆಂದರೆ ವ್ಯಾಸದಲ್ಲಿ ಸುಮಾರು 10 ಮೈಕ್ರಾನ್ ಕಿರಿದಾಗುವುದು. ಅಂದರೆ ಹರವಿನ ಅರ್ಧ ಅಲ್ಲಿಯೇ ಹೋಯಿತು.

### 4.3 ಅಳೆಯುವುದು

ಇಲ್ಲಿ ಎರಡು ಮೋಸಗಳಿವೆ. ಮೊದಲನೆಯದು ಬಿಸಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. ಚಕ್ಕಿನಿಂದ ಆಗಷ್ಟೇ ತೆಗೆದ, 50 ಡಿಗ್ರಿಯಷ್ಟು ಬೆಚ್ಚಗಿರುವ ಪುಲಿಯ ಬೋರ್ ತನ್ನ ನಿಜ ಅಳತೆಗಿಂತ ಸುಮಾರು 15 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಆಪರೇಟರ್ ಅದನ್ನು ನೋಡಿ ಟೂಲ್ ಆಫ್‌ಸೆಟ್ ಕಡಿಮೆ ಮಾಡಿದರೆ, ತಣ್ಣಗಾದ ಮೇಲೆ ಬೋರ್ ಮಿತಿಗಿಂತ ಸಣ್ಣದಾಗಿರುತ್ತದೆ. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಮಾಡಿನ ಶಾಪಿನೊಳಗೆ ಎಲ್ಲವೂ 35 ಡಿಗ್ರಿಯಲ್ಲಿರುವುದು ಅಷ್ಟು ದೊಡ್ಡ ಅಪಾಯವಲ್ಲ. ಭಾಗವೂ ಉಕ್ಕಿನ ಗೇಜೂ ಒಟ್ಟಿಗೆ ಬೆಚ್ಚಗಾದಾಗ ಉಳಿಯುವ ವ್ಯತ್ಯಾಸ 4 ಮೈಕ್ರಾನ್‌ನಷ್ಟೇ. ಭಾಗ ಬಿಸಿ, ಗೇಜ್ ತಣ್ಣಗೆ ಎಂಬ ಸ್ಥಿತಿಯೇ ಕೆಡಿಸುವುದು.

ಎರಡನೆಯದು ಚಕ್ಕಿನ ಹಿಡಿತ. ಮೂರು ಜಾ ಚಕ್ ತೆಳು ಗೋಡೆಯ ಪುಲಿಯನ್ನು ಮೂರು ಕಡೆ ಅಮುಕಿ ಹಿಡಿದಿರುತ್ತದೆ. ಆ ಸ್ಥಿತಿಯಲ್ಲಿ ಬೋರ್ ದುಂಡಗೆ ಬರುತ್ತದೆ, ಬಿಟ್ಟ ಕೂಡಲೇ ಗೋಡೆ ಹಿಂದಕ್ಕೆ ಚಿಮ್ಮಿ ಬೋರು ಮೂರು ಹಾಲೆಯ ಆಕಾರ ತಾಳುತ್ತದೆ. ಎರಡು ಬಿಂದುಗಳಲ್ಲಿ ತಾಗುವ ಬೋರ್ ಗೇಜ್ ಈ ದೋಷವನ್ನು ಹಿಡಿಯಲಾರದು, ಏಕೆಂದರೆ ಒಂದು ಕಡೆಯ ಉಬ್ಬಿನ ಎದುರಿಗೆ ತಗ್ಗು ಇರುವುದರಿಂದ ಎಲ್ಲಿ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆ. ಮೂರು ಬಿಂದುಗಳ ಬೋರ್ ಮೈಕ್ರೋಮೀಟರ್ ಹಿಡಿಯುತ್ತದೆ. ಪರಿಹಾರವೆಂದರೆ ಸಾಫ್ಟ್ ಜಾ ಬಳಸಿ, ಕೊನೆಯ ಕಟ್‌ಗೆ ಮುನ್ನ ಚಕ್ಕಿನ ಒತ್ತಡ ತಗ್ಗಿಸಿ, ತೀರಾ ಹಗುರವಾದ ಒಂದು ಪಾಸ್ ತೆಗೆಯುವುದು. ಕಾಗದದಲ್ಲಿ ಎಲ್ಲ ಸರಿಯಿದ್ದೂ ಬೇರಿಂಗ್ ಮೂರು ಕಡೆ ತಡೆದಂತೆ ತಿರುಗಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

## ಹಂತ 5: ಪ್ರಿಂಟಿಂಗ್ ಕವಲು

### 5.1 ಬೋರ್ ಏಕೆ ಕಿರಿದಾಗುತ್ತದೆ

ಮೂರು ಕಾರಣಗಳು ಒಂದರ ಮೇಲೊಂದು ಸೇರುತ್ತವೆ. ಎಸ್‌ಟಿಎಲ್ ಫೈಲಿನಲ್ಲಿ ವೃತ್ತ ಇರುವುದಿಲ್ಲ, ಬಹುಭುಜ ಇರುತ್ತದೆ. ಅದರ ಬಾಹುಗಳು ವೃತ್ತದ ಒಳಗಿನಿಂದ ಹಾಯುತ್ತವೆ. 22 ಮಿ.ಮೀ. ವೃತ್ತವನ್ನು 32 ತುಂಡುಗಳಲ್ಲಿ ರಫ್ತು ಮಾಡಿದರೆ ಪ್ರತಿ ಬಾಹುವಿನ ನಡುವೆ ಬೋರ್ ವ್ಯಾಸದಲ್ಲಿ ಸುಮಾರು 0.1 ಮಿ.ಮೀ. ಕಿರಿದಾಗಿರುತ್ತದೆ, 100 ತುಂಡುಗಳಿಗೆ ಏರಿಸಿದರೆ ಅದು 0.01ಕ್ಕೆ ಇಳಿಯುತ್ತದೆ. ಇದೊಂದೇ ಕಾರಣವನ್ನು ಖರ್ಚಿಲ್ಲದೆ ತೆಗೆದುಹಾಕಬಹುದು, ರಫ್ತಿನ ಸೂಕ್ಷ್ಮತೆ ಹೆಚ್ಚಿಸಿದರೆ ಸಾಕು.

ಎರಡನೆಯದಾಗಿ, ನಳಿಕೆ ಒಳ ವೃತ್ತವನ್ನು ಬರೆಯುವಾಗ ಬಿಸಿ ಎಳೆ ತಿರುವಿನ ಒಳಮಗ್ಗುಲಿಗೆ ಎಳೆದುಕೊಳ್ಳುತ್ತದೆ. ಮೂರನೆಯದಾಗಿ, ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ. ಈ ಎರಡರ ಪ್ರಮಾಣ ಪ್ರಿಂಟರ್, ಫಿಲಮೆಂಟ್, ವೇಗ, ಫ್ಯಾನ್ ಎಲ್ಲವನ್ನೂ ಅವಲಂಬಿಸುತ್ತದೆ. ಹೀಗಾಗಿ ಬೇರೊಬ್ಬರು ಹೇಳಿದ ‘0.2 ಹೆಚ್ಚಿಸಿ’ ಎಂಬ ಅಂಕಿ ಅವರ ಮೇಜಿನ ಮೇಲೆ ನಿಜ, ನಿಮ್ಮ ಮೇಜಿನ ಮೇಲೆ ಊಹೆ. ಇದನ್ನು ಪರೀಕ್ಷೆಯಿಂದಲೇ ಕಂಡುಕೊಳ್ಳಬೇಕು.

### 5.2 ಪರೀಕ್ಷಾ ಉಂಗುರಗಳು

ಕ್ರಮ ಮುಖ್ಯ. ಮೊದಲು ನಳಿಕೆಯಿಂದ ಬರುವ ಪ್ಲಾಸ್ಟಿಕ್ಕಿನ ಪ್ರಮಾಣವನ್ನು ಹೊಂದಿಸುವ ಫ್ಲೋ ಕ್ಯಾಲಿಬ್ರೇಶನ್ ಮುಗಿಸಬೇಕು, ಆಮೇಲೆ ಉಂಗುರಗಳನ್ನು ಪ್ರಿಂಟ್ ಮಾಡಬೇಕು. ಉಂಗುರ ಆದ ಮೇಲೆ ಫ್ಲೋ ಬದಲಿಸಿದರೆ ಸಿಕ್ಕ ಅಂಕಿ ವ್ಯರ್ಥ. ಉಂಗುರದ ಗೋಡೆಯ ದಪ್ಪ, ಗೋಡೆಗಳ ಸಂಖ್ಯೆ, ಲೇಯರ್ ಎತ್ತರ, ಫಿಲಮೆಂಟ್ ಮತ್ತು ಮಲಗಿಸುವ ದಿಕ್ಕು ನಿಜವಾದ ಪುಲಿಯದ್ದೇ ಆಗಿರಬೇಕು. ತೆಳು ಉಂಗುರ ಹಿಗ್ಗಿ ಬೇರಿಂಗಿಗೆ ದಾರಿ ಬಿಟ್ಟುಕೊಡುತ್ತದೆ, ದಪ್ಪ ಪುಲಿ ಬಿಡುವುದಿಲ್ಲ. ಓಪನ್‌ಸ್ಕ್ಯಾಡ್‌ನಲ್ಲಿ ಐದು ಉಂಗುರಗಳನ್ನು ಹೀಗೆ ಪಡೆಯಬಹುದು:

```
$fn = 180;
for (i = [0:4]) {
  d = 21.9 + i*0.1;
  translate([i*34, 0, 0]) difference() {
    cylinder(d = 32, h = 8);
    translate([0, 0, -1]) cylinder(d = d, h = 10);
    translate([0, 0, 7.5])
      cylinder(d1 = d, d2 = d + 1, h = 0.51);
  }
}
```

ಎಡಗಡೆಯದು 21.9, ಬಲಗಡೆಯದು 22.3. ಬೆಡ್ ಮೇಲಿಂದ ತೆಗೆಯುವ ಮುನ್ನವೇ ಪೆನ್ನಿನಿಂದ ಅಂಕಿ ಬರೆದುಕೊಳ್ಳಬೇಕು, ತೆಗೆದ ಮೇಲೆ ಐದೂ ಒಂದೇ ಥರ ಕಾಣುತ್ತವೆ.

ಚಾಂಫರ್ ಇರುವ ಮೇಲ್ಭಾಗದಿಂದ ಬೇರಿಂಗನ್ನು ಒತ್ತಿ ನೋಡಬೇಕು. ವರ್ನಿಯರ್‌ನಿಂದ ಉಂಗುರ ಅಳೆಯುವ ಆಸೆ ಬೇಡ. ಅದರ ಒಳ ಜಾಗಳು ಪದರಗಳ ಉಬ್ಬಿನ ಮೇಲೆ ಕೂತು ಏನೇನೋ ಹೇಳುತ್ತವೆ. ನನ್ನ ಪ್ರಿಂಟರಿನಲ್ಲಿ ಪಿಇಟಿಜಿಗೆ ಸಿಕ್ಕ ಫಲಿತಾಂಶ ಹೀಗಿತ್ತು: 21.9 ಮತ್ತು 22.0ಕ್ಕೆ ಬೇರಿಂಗ್ ಬಾಯಿಯಲ್ಲೇ ನಿಂತಿತು. 22.1ಕ್ಕೆ ವೈಸ್ ಬಿಗಿದಾಗ ಹೋಯಿತು, ಆದರೆ ಉಂಗುರದ ಒಳಗೋಡೆ ಬೆಳ್ಳಗಾಯಿತು. 22.2ಕ್ಕೆ ವೈಸಿನ ಮಿತವಾದ ಒತ್ತಡದಿಂದ ಸದ್ದಿಲ್ಲದೆ ಕೂತಿತು, ಬೇರಿಂಗ್ ನುಣುಪಾಗಿ ತಿರುಗುತ್ತಿತ್ತು. 22.3ಕ್ಕೆ ಹೆಬ್ಬೆರಳಿನಿಂದಲೇ ಹೋಗಿ, ಹೆಬ್ಬೆರಳಿನಿಂದಲೇ ಹೊರಬಂತು. ನಾನು 22.2 ಆರಿಸಿದೆ, ಅಂದರೆ `print_offset = 0.2`. ಬೆಳ್ಳಗಾಗುವುದು ಪ್ಲಾಸ್ಟಿಕ್ ತನ್ನ ಮಿತಿ ದಾಟಿ ಹಿಗ್ಗಿರುವ ಗುರುತು. ಅಂಥ ಉಂಗುರ ಅಂದು ಗಟ್ಟಿ ಅನ್ನಿಸಿದರೂ ಆರಿಸಬಾರದು.

ಒಂದು ಎಚ್ಚರಿಕೆ. ಸ್ಲೈಸರ್‌ಗಳಲ್ಲಿಯೂ ಬೋರನ್ನು ಹಿಗ್ಗಿಸುವ ಆಯ್ಕೆ ಇರುತ್ತದೆ: `Hole Horizontal Expansion`, `X-Y hole compensation` ಮುಂತಾದ ಹೆಸರುಗಳಲ್ಲಿ. ಕ್ಯಾಡ್‌ನಲ್ಲಿ ಒಮ್ಮೆ, ಸ್ಲೈಸರ್‌ನಲ್ಲಿ ಇನ್ನೊಮ್ಮೆ ಸೇರಿಸಿದರೆ ಎರಡೂ ಕೂಡುತ್ತವೆ. ಯಾವುದಾದರೂ ಒಂದೇ ಕಡೆ ಇರಲಿ. ಸ್ಲೈಸರ್ ಆಯ್ಕೆ ಎಲ್ಲ ರಂಧ್ರಗಳನ್ನೂ ಹಿಗ್ಗಿಸುವುದರಿಂದ ನಾನು ಕ್ಯಾಡ್ ಪ್ಯಾರಾಮೀಟರನ್ನೇ ಮೆಚ್ಚುತ್ತೇನೆ.

### 5.3 ದಿಕ್ಕು, ಗೋಡೆ, ಸೀಮ್

ಬೋರಿನ ಅಕ್ಷ ಲಂಬವಾಗಿರುವಂತೆ ಪುಲಿಯನ್ನು ಮಲಗಿಸಬೇಕು, ಬೇರಿಂಗ್ ಹೊಗುವ ಬಾಯಿ ಮೇಲಕ್ಕಿರಬೇಕು. ಬೇರಿಂಗ್ ಬೋರನ್ನು ಸುತ್ತಲೂ ಹಿಗ್ಗಿಸುತ್ತದೆ. ಹೀಗೆ ಮಲಗಿಸಿದಾಗ ಆ ಎಳೆತ ಪದರದೊಳಗಿನ ಎಳೆಗಳ ಉದ್ದಕ್ಕೆ ಬೀಳುತ್ತದೆ. ಅಕ್ಷವನ್ನು ಅಡ್ಡ ಮಾಡಿದರೆ ಅದೇ ಎಳೆತ ಪದರಗಳನ್ನು ಒಂದರಿಂದೊಂದು ಬಿಡಿಸಲು ತೊಡಗುತ್ತದೆ, ಅಲ್ಲಿ ಪ್ರಿಂಟ್ ಬಹಳ ದುರ್ಬಲ. ಜೊತೆಗೆ ಅಡ್ಡ ಬೋರಿನ ಮೇಲ್ಚಾವಣಿ ಜೋತುಬಿದ್ದು ಆಕಾರವೂ ಕೆಡುತ್ತದೆ. ಬಾಯಿ ಕೆಳಗಿದ್ದರೆ ಬೆಡ್‌ಗೆ ಒತ್ತಿದ ಮೊದಲ ಪದರ ಒಳಕ್ಕೆ ಹರಡಿ, ಹೊಗುವ ಜಾಗವೇ ಕಿರಿದಾಗುತ್ತದೆ.

ಬೋರಿನ ಸುತ್ತ ಕನಿಷ್ಠ 4 ಗೋಡೆಗಳಿರಲಿ. ಪ್ರತಿ ಪದರದ ಸುತ್ತು ಶುರುವಾಗಿ ಮುಗಿಯುವ ಜಾಗವಾದ ಸೀಮ್ ಬೋರಿನೊಳಗೆ ಬಿದ್ದರೆ ಅಲ್ಲೊಂದು ಉದ್ದ ಗಂಟಿನ ಸಾಲು ಏಳುತ್ತದೆ, ಬೇರಿಂಗನ್ನು ಒಂದು ಮಗ್ಗುಲಿಗೆ ತಳ್ಳಿ ಪುಲಿಯನ್ನು ಓಲಾಡಿಸುತ್ತದೆ. ಸೀಮ್ ತಪ್ಪಿಸಲಾಗದಿದ್ದರೆ ಒಂದೇ ಗೆರೆಯಲ್ಲಿ ಬರುವಂತೆ ಮಾಡಿ, ಬ್ಲೇಡಿನಿಂದ ಆ ಗೆರೆಯನ್ನು ಮಾತ್ರ ಹೆರೆಯಬೇಕು.

### 5.4 ಪ್ಲಾಸ್ಟಿಕ್ಕಿನ ಬಿಗಿತ ಉಳಿಯುವುದಿಲ್ಲ

ಲೋಹ ಮತ್ತು ಪ್ಲಾಸ್ಟಿಕ್ಕಿನ ನಡುವೆ ನಿಜವಾದ ಅಂತರ ಇಲ್ಲಿದೆ. ಅಲ್ಯೂಮಿನಿಯಂ ಬೋರಿನಲ್ಲಿ ಗರಿಷ್ಠ ಬಿಗಿತ 28 ಮೈಕ್ರಾನ್ ಎಂದರೆ ವ್ಯಾಸದ ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಲೋಹ ಅದನ್ನು ಸ್ಪ್ರಿಂಗಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಪ್ರಿಂಟ್‌ನಲ್ಲಿ ಅಳತೆಯೇ ಸುಮಾರು ಹತ್ತನೇ ಒಂದು ಮಿ.ಮೀ.ಯಷ್ಟು ಹಿಂದುಮುಂದಾಗುವುದರಿಂದ ನಾವು ಅಷ್ಟೇ ದೊಡ್ಡ ಬಿಗಿತವನ್ನು ಇಡಬೇಕಾಗುತ್ತದೆ, ಪ್ಲಾಸ್ಟಿಕ್ ಮೆದುವಾದ್ದರಿಂದ ಅದನ್ನು ತಾಳಿಕೊಳ್ಳುತ್ತದೆ. 0.1 ಮಿ.ಮೀ. ಬಿಗಿತವನ್ನು ಅಲ್ಯೂಮಿನಿಯಂನಲ್ಲಿ ಕೇಳಿದರೆ ಬೇರಿಂಗ್ ಕೆಟ್ಟೀತು. ಆದರೆ ತಾಳಿಕೊಂಡ ಪ್ಲಾಸ್ಟಿಕ್ ಸುಮ್ಮನಿರುವುದಿಲ್ಲ. ವಾರಗಟ್ಟಲೆ ನಿಧಾನವಾಗಿ ಹರಿದು ಬಿಗಿತವನ್ನು ಸಡಿಲಿಸುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಪಿಎಲ್‌ಎ ಸುಮಾರು 60 ಡಿಗ್ರಿಯಲ್ಲೇ ಮೆದುವಾಗುವುದರಿಂದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅಂಥ ಪುಲಿ ಒಂದೇ ಮಧ್ಯಾಹ್ನದಲ್ಲಿ ಹಿಡಿತ ಬಿಡಬಹುದು.

ಆದ್ದರಿಂದ ಪ್ರಿಂಟ್ ಮಾಡಿದ ಪುಲಿಯಲ್ಲಿ ಬಿಗಿತವನ್ನು ಬೇರಿಂಗ್ ನೇರವಾಗಿ ಕೂರಲು ಮಾತ್ರ ನಂಬಬೇಕು, ಹೊರಬೀಳದಂತೆ ತಡೆಯಲು ನಂಬಬಾರದು. ಒಂದು ಕಡೆ ಮೆಟ್ಟಿಲು ಇದೆ. ಇನ್ನೊಂದು ಕಡೆ ಹೊರ ರಿಂಗಿನ ಅಂಚನ್ನು ಹಿಡಿಯುವ ಒಂದು ತೆಳು ಮುಚ್ಚಳವನ್ನು ಮೂರು ಸ್ಕ್ರೂಗಳಿಂದ ಕಟ್ಟಬೇಕು. ಅಂಟು ಹಾಕುವ ಯೋಚನೆಯಿದ್ದರೆ ಜಾಗ್ರತೆ ಬೇಕು. ಲೋಹಕ್ಕೆಂದು ಮಾರುವ ರಿಟೇನಿಂಗ್ ಕಾಂಪೌಂಡ್ ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ; ತೆಳು ಸೂಪರ್ ಗ್ಲೂ ಹರಿದು ಬಾಲ್‌ಗಳ ನಡುವೆ ಸೇರುತ್ತದೆ.

## ಹಂತ 6: ಒತ್ತಿ ಕೂರಿಸುವುದು

ಎರಡೂ ಕವಲುಗಳಿಗೆ ನಿಯಮ ಒಂದೇ: ಬಲ ಹೊರ ರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳ ರಿಂಗನ್ನು ಒತ್ತಿದರೆ ಆ ಬಲವೆಲ್ಲ ಬಾಲ್‌ಗಳ ಮೂಲಕ ಹಾಯ್ದು, ಅವು ಕೂತ ಹಳ್ಳದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಆಮೇಲೆ ಬೇರಿಂಗ್ ಕಟಕಟ ಎಂದು ಹಲ್ಲುಹಲ್ಲಾಗಿ ತಿರುಗುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಅಲ್ಯೂಮಿನಿಯಂ ಪುಲಿಗೆ ಒತ್ತಡವನ್ನೇ ಬಹುಪಾಲು ತಪ್ಪಿಸಬಹುದು. 25 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿ ಮಾಡಿದರೆ ಬೋರ್ ಸುಮಾರು 38 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಗರಿಷ್ಠ ಬಿಗಿತ 28. ಓವನ್ನಿನಿಂದ ತೆಗೆದ ಪುಲಿಯೊಳಗೆ ತಣ್ಣನೆಯ ಬೇರಿಂಗನ್ನು ನೇರವಾಗಿ ಬಿಟ್ಟರೆ ಅದು ತಾನೇ ಜಾರಿ ತಳ ಮುಟ್ಟುತ್ತದೆ. ಕೆಲವೇ ಕ್ಷಣ ಸಿಗುವುದರಿಂದ ಓರೆಯಾಗದಂತೆ ಒಂದೇ ಸಲಕ್ಕೆ ಬಿಡಬೇಕು. ಅರ್ಧದಲ್ಲಿ ನಿಂತರೆ ಬಡಿಯದೆ ಪುಲಿಯನ್ನು ಮತ್ತೆ ಬಿಸಿ ಮಾಡಬೇಕು. ಪ್ರಿಂಟ್ ಮಾಡಿದ ಪುಲಿಗೆ ಈ ಉಪಾಯ ಬೇಡ. ಅದನ್ನು ವೈಸಿನಲ್ಲಿ ನಿಧಾನವಾಗಿ ಬಿಗಿಯುತ್ತಾ, ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ನೇರವಾಗಿದೆಯೇ ಎಂದು ನೋಡುತ್ತಾ ಹೋಗಬೇಕು.

## ಹಂತ 7: ಕೂರಿಸಿದ ಮೇಲೆ ಗಮನಿಸಬೇಕಾದವು

ಒತ್ತುವ ಮುನ್ನ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ಅದರ ನುಣುಪನ್ನು ನೆನಪಿಟ್ಟುಕೊಳ್ಳಬೇಕು, ಒತ್ತಿದ ಮೇಲೆ ಮತ್ತೆ ತಿರುಗಿಸಬೇಕು. ಸುತ್ತಿನುದ್ದಕ್ಕೂ ಸಮನಾಗಿ ಬಿಗಿದಂತಿದ್ದರೆ ಬೋರ್ ಅತಿ ಸಣ್ಣದು. ಹಲ್ಲುಹಲ್ಲಾಗಿ ತಡೆದರೆ ಬಾಲ್‌ಗಳು ಕೂತ ಹಳ್ಳಕ್ಕೆ ಪೆಟ್ಟು ಬಿದ್ದಿದೆ. ಒಂದೇ ಜಾಗದಲ್ಲಿ ತಡೆದರೆ ಪ್ರಿಂಟ್‌ನಲ್ಲಿ ಸೀಮ್, ಲೋಹದಲ್ಲಿ ಬೋರಿನೊಳಗೆ ಉಳಿದ ಬರ್ ಅಥವಾ ಚಿಪ್ ಇರಬಹುದೇ ನೋಡಬೇಕು. ಪ್ರಿಂಟ್ ಮಾಡಿದ ಪುಲಿಯ ಹೊರಮೈಯನ್ನು ಮಾರನೆಯ ದಿನ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಕೂರಿಸಿದಾಗ ಕಾಣದ ಸೀಳು ಕೆಲವೊಮ್ಮೆ ಒಂದು ರಾತ್ರಿ ಕಳೆದು ಬಾಯಿಬಿಡುತ್ತದೆ.

ಕೊನೆಗೆ, ಹೊರ ರಿಂಗಿನಿಂದ ಪುಲಿಯ ಮೇಲಕ್ಕೆ ಹಾಯುವಂತೆ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಒಂದು ವಾರ ಓಡಿಸಿ ನೋಡಬೇಕು. ಗೆರೆ ಮುರಿದು ಎರಡು ತುಂಡುಗಳು ಬೇರೆ ಬೇರೆ ಕಡೆ ಸರಿದಿದ್ದರೆ ಹೊರ ರಿಂಗ್ ಬೋರಿನಲ್ಲಿ ತೆವಳುತ್ತಿದೆ. ಪ್ರಿಂಟ್ ಆಗಿದ್ದರೆ `print_offset` ಅನ್ನು 0.05 ಇಳಿಸಿ ಮರಳಿ ಪ್ರಿಂಟ್ ಮಾಡಬಹುದು. ಅಲ್ಯೂಮಿನಿಯಂ ಆಗಿದ್ದರೆ ಬೋರಿನ ಗೋಡೆಗೆ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡುವ ಹಳೆಯ ಚಾಳಿಗೆ ಹೋಗಬಾರದು. ಬೇರಿಂಗ್ ಆ ಕೆಲವೇ ಮೊನೆಗಳ ಮೇಲೆ ನಿಂತು, ಅವು ಸವೆದೊಡನೆ ಮತ್ತೆ ಸಡಿಲವಾಗುತ್ತದೆ. ಬೋರನ್ನೂ ಹೊರ ರಿಂಗನ್ನೂ ಎಣ್ಣೆಯಿಲ್ಲದಂತೆ ಒರೆಸಿ, ರಿಟೇನಿಂಗ್ ಕಾಂಪೌಂಡನ್ನು ಬೋರಿನ ಗೋಡೆಗೆ ಮಾತ್ರ ತೆಳುವಾಗಿ ಹಚ್ಚಿ ಮತ್ತೆ ಕೂರಿಸಿದರೆ ಆ ಪುಲಿ ಉಳಿಯುತ್ತದೆ. ಮುಂದಿನ ಸರದಿಗೆ ಡ್ರಾಯಿಂಗ್‌ನ ಗುರುತನ್ನು P7ಗೆ, ಬೇರಿಂಗನ್ನು C3ಗೆ ಬದಲಿಸಿ ಕಳುಹಿಸಬೇಕು.